ಒತ್ತು ಕಾಣುತ್ತಿದೆಯೇ?

ಉಚಿತ ಕಣ್ಣಿನ ತಪಾಸಣೆ ಶಿಬಿರಕ್ಕೆ ಕರೆಯುವ ಕಾರ್ಡೊಂದು ವಾಟ್ಸ್‌ಆ್ಯಪಿನಲ್ಲಿ ಬಂತೆನ್ನಿ. ಕಣ್ಣು ಮಂಜಾದವರೇ ಅದನ್ನು ಓದಬೇಕು. ಆದರೆ ‘ಶಸ್ತ್ರಚಿಕಿತ್ಸೆ’ ಎಂಬ ಪದದಲ್ಲಿ ಸ ಅಕ್ಷರದ ಕೆಳಗೆ ಕಪ್ಪು ಮಚ್ಚೆಯೊಂದು ಬಿಟ್ಟರೆ ಬೇರೇನೂ ಕಾಣದು.

ಲೆಕ್ಕ ಹಾಕಿದರೆ ಕಾರಣ ತಿಳಿಯುತ್ತದೆ. ಇಂಥ ಕಾರ್ಡುಗಳ ಅಗಲ ಸಾಮಾನ್ಯವಾಗಿ 1080 ಪಿಕ್ಸೆಲ್, ಮೊಬೈಲ್ ಪರದೆಯ ಅಗಲ ಸುಮಾರು 7 ಸೆಂಟಿಮೀಟರ್. ಅಂದರೆ 15 ಪಿಕ್ಸೆಲ್ ಸೇರಿದರೆ ಒಂದು ಮಿಲಿಮೀಟರ್. ಕಂಪ್ಯೂಟರಿನಲ್ಲಿ ಚೆನ್ನಾಗಿಯೇ ಕಂಡ 28 ಪಿಕ್ಸೆಲ್ ಅಕ್ಷರ ಫೋನಿನಲ್ಲಿ ಎರಡು ಮಿಲಿಮೀಟರನ್ನೂ ಮುಟ್ಟುವುದಿಲ್ಲ. ಅಷ್ಟರಲ್ಲೇ ಮೇಲೆ ಗುಣಿತಕ್ಕೆ, ಕೆಳಗೆ ಒತ್ತಿಗೆ ಜಾಗ ಬಿಡಬೇಕು. ಮೂಲಾಕ್ಷರಕ್ಕೆ ಉಳಿಯುವುದು ಹೆಚ್ಚುಕಡಿಮೆ ಅರ್ಧ. ಒತ್ತು ಅದಕ್ಕಿಂತಲೂ ಚಿಕ್ಕದು, ‘ಸ್ತ್ರ’ದಲ್ಲಂತೂ ಎರಡು ಒತ್ತುಗಳಿವೆ. ಆದ್ದರಿಂದ ಕನ್ನಡದಲ್ಲಿ ಗಾತ್ರವನ್ನು ನಿರ್ಧರಿಸಬೇಕಾದದ್ದು ಒತ್ತಕ್ಷರ ನೋಡಿ, ಮೂಲಾಕ್ಷರ ನೋಡಿ ಅಲ್ಲ.

ಈ ಕಾರ್ಡಿನ ದಿನಾಂಕ, ಸ್ಥಳ, ಸಮಯಗಳನ್ನು 60 ಪಿಕ್ಸೆಲ್‌ಗೆ ಏರಿಸೋಣ. ಆ್ಯಪಿನ ಅಳತೆ ಬೇರೆಯಾಗಿದ್ದರೆ, ಕಾರ್ಡಿನ ಅಗಲದ ಹದಿನೆಂಟನೇ ಒಂದು ಪಾಲು ಎಂದಿಟ್ಟುಕೊಳ್ಳಿ. ಶೀರ್ಷಿಕೆ 96 ಇರಲಿ, ಯಾವ ಸಾಲೂ 44ಕ್ಕಿಂತ ಇಳಿಯದಿರಲಿ. ಸಾಲಿನಿಂದ ಸಾಲಿಗೆ ಅಕ್ಷರಗಾತ್ರದ ಒಂದೂವರೆ ಪಟ್ಟು ಅಂತರ ಬೇಕು. ಇಲ್ಲದಿದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಣಿತಕ್ಕೆ ತಾಗುತ್ತದೆ. ಈ ಲೆಕ್ಕದಲ್ಲಿ ಒಂದು ಸಾಲಿಗೆ ಇಪ್ಪತ್ತರ ಆಸುಪಾಸು ಅಕ್ಷರ, ಇಡೀ ಚೌಕ ಕಾರ್ಡಿಗೆ ಒಂಬತ್ತು ಹತ್ತು ಸಾಲು ಹಿಡಿಸುತ್ತವೆ. ಅತಿಥಿಗಳ ಪಟ್ಟಿಯನ್ನು ಎರಡನೇ ಕಾರ್ಡಿಗೆ ಕಳಿಸದೆ ಬೇರೆ ದಾರಿಯಿಲ್ಲ.

ಇನ್ನು ಫಾಂಟ್. ದ–ಧ, ಬ–ಭ, ಪ–ಷ ಜೋಡಿಗಳನ್ನು ಬೇರೆ ಮಾಡುವುದು ಒಂದೇ ಒಂದು ಸಣ್ಣ ಗೀಟು ಅಥವಾ ಸೀಳು. ತೀರಾ ತೆಳು ಫಾಂಟಿನಲ್ಲಿ ಅದು ಮಾಸಿಹೋಗುತ್ತದೆ. ತೀರಾ ದಪ್ಪವಾದರೆ ಅಕ್ಷರದ ಹೊಟ್ಟೆಯೇ ತುಂಬಿ ‘ಧನ’ ಯಾವುದು, ‘ದನ’ ಯಾವುದು ತಿಳಿಯದು. ನೋಟೊ ಸಾನ್ಸ್ ಕನ್ನಡ, ಅನೇಕ್ ಕನ್ನಡ ಫಾಂಟುಗಳಲ್ಲಿ ಹಲವು ದಪ್ಪಗಳಿವೆ. ವಿವರಗಳಿಗೆ ಮೀಡಿಯಂ, ಶೀರ್ಷಿಕೆಗೆ ಬೋಲ್ಡ್ ಸಾಕು. ಬಾಲೂ ತಮ್ಮದಂಥ ದುಂಡು ಫಾಂಟಿನ ದಪ್ಪ ರೂಪ ಎರಡು ಮೂರು ಪದಗಳ ಶೀರ್ಷಿಕೆಗೆ ಒಪ್ಪುತ್ತದೆ, ವಿಳಾಸಕ್ಕೆ ಒಪ್ಪುವುದಿಲ್ಲ. ಅಕ್ಷರದ ಸುತ್ತ ಬಣ್ಣದ ಅಂಚು, ನೆರಳು ಹಾಕಿದರೆ ಮೊದಲು ಮುಚ್ಚಿಹೋಗುವುದೂ ಒತ್ತೇ.

ಒತ್ತು ಕೆಳಗೆ ಕೂರದೆ ‘ಶಸ್‌ತ್‌ರ’ ಎಂದು ಒಡೆದು ಬಂದರೆ ತಪ್ಪು ಗಾತ್ರದ್ದಲ್ಲ, ಅಕ್ಷರ ಜೋಡಿಸುವ ಸಾಫ್ಟ್‌ವೇರಿನದು. ಫೋಟೊಶಾಪಿನ ಹಳೆಯ ಆವೃತ್ತಿಗಳಲ್ಲಿ World-Ready Layout ಆಯ್ದರೆ ಯೂನಿಕೋಡ್ ಒತ್ತು ತನ್ನ ಜಾಗಕ್ಕೆ ಬರುತ್ತದೆ.

ವಾಟ್ಸ್‌ಆ್ಯಪ್ ಚಿತ್ರವನ್ನು ಕುಗ್ಗಿಸುವಾಗ ಅಕ್ಷರದ ಅಂಚು ಮಸುಕಾಗುತ್ತದೆ. ಹಸಿರಿನ ಮೇಲೆ ಕೆಂಪು ಬರೆದಿದ್ದರೆ ಇನ್ನಷ್ಟು ಕಲಸುತ್ತದೆ. ಹಾಗಾಗಿ ಕಾರ್ಡನ್ನು ಮೊದಲು ನಿಮಗೆ ನೀವೇ ಕಳಿಸಿಕೊಂಡು, ಫೋನನ್ನು ಒಂದು ಮೊಳ ದೂರದಲ್ಲಿ ಹಿಡಿದು, ಹಿಗ್ಗಿಸದೆ ಓದಿ. ‘ಶಸ್ತ್ರ’ದಲ್ಲಿ ತಕಾರ, ರಕಾರ ಎರಡೂ ಬೇರೆಬೇರೆಯಾಗಿ ಕಂಡರೆ ಉಳಿದ ಅಕ್ಷರಗಳ ಚಿಂತೆ ಬೇಡ.