ಸಾರಲೇಖದ ಪರಿಷ್ಕರಣೆ: ಕ್ರಿಯಾಪದದಿಂದ ಸೊನ್ನೆಯವರೆಗೆ

ಪಿಎಚ್.ಡಿ. ಮಹಾಪ್ರಬಂಧದ ಸಾರಲೇಖವನ್ನು ಹೊಸದಾಗಿ ಕುಳಿತು ಬರೆಯುವವರು ಕಡಿಮೆ. ನೋಂದಣಿಯ ಹೊತ್ತಿಗೆ ಸಲ್ಲಿಸಿದ ರೂಪುರೇಷೆಯನ್ನೇ ತಿದ್ದಿ ಹೊಂದಿಸಿಕೊಳ್ಳುವ ರೂಢಿ ಹೆಚ್ಚು. ಅದರ ಗುರುತು ಕ್ರಿಯಾಪದಗಳಲ್ಲಿ ಉಳಿದಿರುತ್ತದೆ: ‘ಚರ್ಚಿಸಲಾಗುವುದು’, ‘ಪರಿಶೀಲಿಸಲಾಗುವುದು’. ಮುಗಿದ ಕೆಲಸಕ್ಕೆ ಈ ಭವಿಷ್ಯತ್ಕಾಲ ಒಪ್ಪದು. ಆದ್ದರಿಂದ ಪರಿಷ್ಕರಣೆಯನ್ನು ಕ್ರಿಯಾಪದದಿಂದಲೇ ಶುರುಮಾಡುವುದು ವಾಸಿ. ನಡೆಸಿದ ಸಂದರ್ಶನ, ಕ್ಷೇತ್ರಕಾರ್ಯಗಳಿಗೆ ಭೂತಕಾಲ, ಪ್ರಬಂಧ ಮುಂದಿಡುವ ವಾದಕ್ಕೆ ವರ್ತಮಾನಕಾಲ ಎಂದು ಗೊತ್ತುಮಾಡಿಕೊಂಡರೆ ಅರ್ಧ ಗೊಂದಲ ಕಳೆಯುತ್ತದೆ.

ಒಂದು ಮಾದರಿ ವಾಕ್ಯ ಹೀಗಿದೆ ಎನ್ನೋಣ: ‘ಕುವೆಂಪುರವರ ಅದ್ಬುತ ಕಾದಂಬರಿಯಾದ ಮಲೆಗಳಲ್ಲಿ ಮದುಮಗಳು ಕೃತಿಯಲ್ಲಿ ಬರುವಂತಹ ಸ್ತ್ರೀ ಪಾತ್ರಗಳ ಮಹತ್ವವನ್ನು ನಾನು ನೋಡಲಿದ್ದೇನೆ.’ ‘ಅದ್ಬುತ’ದ ಬಕಾರಕ್ಕೆ ಮಹಾಪ್ರಾಣ ಬೇಕು. ಆದರೆ ಹೊಗಳಿಕೆಗೆ ಸಾರಲೇಖದಲ್ಲಿ ಜಾಗವಿಲ್ಲದ ಕಾರಣ ಪದವನ್ನೇ ಕೈಬಿಡಬೇಕು. ‘ಕಾದಂಬರಿ’, ‘ಕೃತಿ’ ಎರಡೂ ಬೇಕಿಲ್ಲ. ‘ಬರುವಂತಹ’ ಭಾಷಣದ ಚಾಳಿ. ತಿದ್ದಿದ ಮೇಲೆ ಉಳಿಯುವುದು ಇಷ್ಟು: ‘ಕುವೆಂಪು ಅವರ “ಮಲೆಗಳಲ್ಲಿ ಮದುಮಗಳು” (1967) ಕಾದಂಬರಿಯ ಸ್ತ್ರೀಪಾತ್ರಗಳನ್ನು ಈ ಪ್ರಬಂಧ ಪರಿಶೀಲಿಸುತ್ತದೆ.’ ‘ಮಹತ್ವ’ ಎಂದರೆ ಕಥೆಯ ನಡೆಯಲ್ಲಿಯೋ, ಸಮಾಜದ ಚಿತ್ರಣದಲ್ಲಿಯೋ? ಅದನ್ನು ಸಂಶೋಧಕರನ್ನೇ ಕೇಳಬೇಕು. ಪರಿಷ್ಕರಿಸುವವರು ಊಹಿಸಿ ತುಂಬಿದರೆ ಪ್ರಬಂಧದ ವಾದವೇ ಬದಲಾದೀತು.

ಗೌರವಸೂಚಕಗಳಲ್ಲೂ ಒಂದೇ ಹದ ಬೇಕು. ಪಂಪ, ಕುಮಾರವ್ಯಾಸರಂಥ ಪ್ರಾಚೀನರಿಗೆ ಏಕವಚನ, ಆಧುನಿಕರಿಗೆ ‘ಅವರು’ ಎಂಬ ವಾಡಿಕೆಯನ್ನು ಅನುಸರಿಸಬಹುದು. ‘ಪಂಪ ಹೇಳುತ್ತಾನೆ’ ಎಂದು ಆರಂಭಿಸಿ ನಾಲ್ಕು ಸಾಲಿನ ನಂತರ ‘ಪಂಪನವರು’ ಎಂದರೆ ಓದುಗ ಎಡವುತ್ತಾನೆ.

ಕಾಗುಣಿತದಲ್ಲಿ ತಪ್ಪಿಗಿಂತ ಹೆಚ್ಚು ಕಾಡುವುದು ಎರಡು ಬಗೆಯ ಸರಿ ರೂಪಗಳು. ‘ತತ್ತ್ವ’, ‘ತತ್ವ’ ಎರಡೂ ಬಳಕೆಯಲ್ಲಿವೆ. ಒಂದನ್ನು ಆರಿಸಿ ಪಟ್ಟಿಯಲ್ಲಿ ಬರೆದಿಟ್ಟು, ಪ್ರಬಂಧದ ಒಳಪುಟಗಳಲ್ಲಿಯೂ ಅದೇ ರೂಪವಿದೆಯೇ ಎಂದು ನೋಡಬೇಕು. ಅಂಕಿತನಾಮಗಳು ಈ ಪಟ್ಟಿಗೆ ಸೇರುವುದಿಲ್ಲ. ಮೈಸೂರಿನದು ವಿಶ್ವವಿದ್ಯಾನಿಲಯ, ಹಂಪಿಯದು ವಿಶ್ವವಿದ್ಯಾಲಯ. ಏಕರೂಪತೆಯ ಹೆಸರಿನಲ್ಲಿ ಇವನ್ನು ಮುಟ್ಟಬಾರದು. ಉದ್ಧರಣೆಗಳೂ ಮೂಲದಲ್ಲಿದ್ದಂತೆಯೇ ಉಳಿಯಬೇಕು.

ಕಣ್ಣಿಗೆ ಬೀಳದ ದೋಷವೊಂದಿದೆ. ಬೆರಳಚ್ಚಿನಲ್ಲಿ ಅನುಸ್ವಾರದ (ಂ) ಬದಲು ಕನ್ನಡದ ಸೊನ್ನೆ ಅಂಕಿ (೦) ಬಿದ್ದಿರುತ್ತದೆ. ‘ಕಾದ೦ಬರಿ’ ಮುದ್ರಣದಲ್ಲಿ ಹೆಚ್ಚುಕಡಿಮೆ ಸರಿಯಾಗಿಯೇ ಕಾಣುತ್ತದೆ, ಆದರೆ ಕಂಪ್ಯೂಟರಿನಲ್ಲಿ ‘ಕಾದಂಬರಿ’ ಎಂದು ಹುಡುಕಿದರೆ ಸಿಗುವುದಿಲ್ಲ. ಇಸವಿಗಳನ್ನೆಲ್ಲ 1967ರಂತೆ ಬರೆದಿದ್ದರೆ ಪರೀಕ್ಷೆ ಸುಲಭ: ಕಡತದಲ್ಲಿ ೦ ಎಂದು ಹುಡುಕಿದಾಗ ಸಿಕ್ಕುವುದೆಲ್ಲ ತಪ್ಪೇ. ೧೯೭೦ ಎಂಬಂಥ ಕನ್ನಡ ಅಂಕಿಗಳಿದ್ದರೆ ಮಾತ್ರ ಒಂದೇ ಏಟಿಗೆ ಎಲ್ಲವನ್ನೂ ಬದಲಿಸಬಾರದು. ಇಸವಿಗಳ ಸೊನ್ನೆಯೂ ಅನುಸ್ವಾರವಾಗಿಬಿಡುತ್ತದೆ.