0.6, 1.29, 0.88: ಒಂದೇ ಲೆಕ್ಕಕ್ಕೆ ಮೂರು ಉತ್ತರ

ಅರ್ಥಶಾಸ್ತ್ರದ ಉತ್ತರ ಪತ್ರಿಕೆ ತಿದ್ದಲು ಕುಳಿತಿದ್ದೀರಿ. ಪ್ರಶ್ನೆ ಹೀಗಿದೆ: ಟೊಮೆಟೊ ಬೆಲೆ ಕಿಲೋಗೆ 20 ರೂಪಾಯಿಯಿಂದ 30ಕ್ಕೆ ಏರಿದಾಗ ಬೇಡಿಕೆ 100 ಕಿಲೋದಿಂದ 70ಕ್ಕೆ ಇಳಿಯಿತು. ಬೇಡಿಕೆಯ ಬೆಲೆ ಸ್ಥಿತಿಸ್ಥಾಪಕತ್ವ ಎಷ್ಟು?

ತಪ್ಪು ಕಲ್ಪನೆ: ಅಂಕಿಗಳು ಅವೇ ಆಗಿದ್ದರೆ ಉತ್ತರವೂ ಒಂದೇ.

ಸತ್ಯ: ಶೇಕಡಾವಾರು ವಿಧಾನದಲ್ಲಿ ಎಲ್ಲಿಂದ ಹೊರಟಿರಿ ಎಂಬುದರ ಮೇಲೆ ಉತ್ತರ ನಿಂತಿದೆ. 20ರಿಂದ ಹೊರಟರೆ ಬೇಡಿಕೆ ಶೇ. 30 ಇಳಿದಿದೆ, ಬೆಲೆ ಶೇ. 50 ಏರಿದೆ, ಉತ್ತರ –0.6. ಅದೇ 30ರಿಂದ 20ಕ್ಕೆ ಇಳಿದಂತೆ ಲೆಕ್ಕ ಹಾಕಿದರೆ –1.29. ಈ ಜಗಳ ಬಿಡಿಸುವುದೇ ಮಧ್ಯಬಿಂದು ವಿಧಾನ. ಬದಲಾವಣೆಯನ್ನು ಆರಂಭದ ಅಂಕಿಯಿಂದಲ್ಲ, ಎರಡರ ಸರಾಸರಿಯಿಂದ ಭಾಗಿಸುತ್ತದೆ: 30/85 ಅನ್ನು 10/25ರಿಂದ ಭಾಗಿಸಿದರೆ 0.88, ಚಿಹ್ನೆ ಸೇರಿ –0.88. ಯಾವ ಕಡೆಯಿಂದ ಹೊರಟರೂ ಇದೇ. ಆದ್ದರಿಂದ –0.6 ಕಂಡ ಕೂಡಲೇ ಕೆಂಪು ಗೆರೆ ಎಳೆಯಬೇಡಿ. ಪ್ರಶ್ನೆ ಯಾವ ವಿಧಾನ ಕೇಳಿದೆ ಎಂದು ಮೊದಲು ನೋಡಿ.

ತಪ್ಪು ಕಲ್ಪನೆ: ಸರಾಸರಿಗೆ 2ರಿಂದ ಭಾಗಿಸುವುದು ಮರೆತರೆ ಉತ್ತರ ತಪ್ಪು.

ಸತ್ಯ: ಎರಡೂ ಕಡೆ ಮರೆತರೆ ಏನೂ ಕೆಡುವುದಿಲ್ಲ. ಮೇಲಿನ 2, ಕೆಳಗಿನ 2 ಹೊಡೆದುಹೋಗುತ್ತವೆ. 30/170, 10/50 ಎಂದು ಬರೆದವರಿಗೂ 0.88 ಬರುತ್ತದೆ. ಒಂದು ಕಡೆ ಮಾತ್ರ ಮರೆತರೆ ಎಡವಟ್ಟು: ಪ್ರಮಾಣದಲ್ಲಿ ಮರೆತವರಿಗೆ 0.44, ಬೆಲೆಯಲ್ಲಿ ಮರೆತವರಿಗೆ 1.76. ಸರಿಯುತ್ತರದ ನೇರ ಅರ್ಧವೋ ದುಪ್ಪಟ್ಟೋ ಕಂಡರೆ ತಪ್ಪು ಇಲ್ಲೇ ಇದೆಯೇ ಎಂದು ಹುಡುಕಿ. ಎಡವಿದ್ದು ಒಂದೇ ಹೆಜ್ಜೆಯಾದ್ದರಿಂದ ಉಳಿದ ಹೆಜ್ಜೆಗಳ ಅಂಕ ಕಳೆಯುವುದು ನ್ಯಾಯವಲ್ಲ.

ತಪ್ಪು ಕಲ್ಪನೆ: ಉತ್ತರ ಸರಿಯೇ ಎಂದು ತಿಳಿಯಲು ಇಡೀ ಲೆಕ್ಕ ಮತ್ತೆ ಮಾಡಬೇಕು.

ಸತ್ಯ: ಮೊದಲು ಒಟ್ಟು ವೆಚ್ಚ ನೋಡಿ. 20 × 100 = 2,000 ರೂಪಾಯಿ; 30 × 70 = 2,100. ಬೆಲೆ ಏರಿದಾಗ ವೆಚ್ಚವೂ ಏರಿದೆ ಎಂದರೆ ಮಧ್ಯಬಿಂದು ಉತ್ತರ, ಮೈನಸ್ ಬಿಟ್ಟು ನೋಡಿದರೆ, 1ಕ್ಕಿಂತ ಕಡಿಮೆಯೇ ಇರಬೇಕು. ವೆಚ್ಚ ಇಳಿದರೆ 1ಕ್ಕಿಂತ ಹೆಚ್ಚು, ಬದಲಾಗದಿದ್ದರೆ ಸರಿಯಾಗಿ 1. ಮಧ್ಯಬಿಂದು ವಿಧಾನದಲ್ಲಿ ಇದು ಚಾಚೂ ತಪ್ಪುವುದಿಲ್ಲ. ಶೇಕಡಾವಾರು ವಿಧಾನದಲ್ಲಿ ಆ ಭರವಸೆ ಇಲ್ಲ.

ಬೆಲೆಯ ಬದಲಾವಣೆಯನ್ನು ಮೇಲಿಟ್ಟು, ಪ್ರಮಾಣದ್ದನ್ನು ಕೆಳಗಿಟ್ಟವರು ಇಲ್ಲೇ ಸಿಕ್ಕಿಬೀಳುತ್ತಾರೆ. ಅವರ ಉತ್ತರ 1.13. ಭಿನ್ನರಾಶಿ ತಲೆಕೆಳಗಾದಾಗ ಉತ್ತರ 1ರ ಆಚೆ ಬದಿಗೆ ಹಾರುತ್ತದೆ. ಆದರೆ 0.44 ಈ ಜರಡಿಯಲ್ಲಿ ನುಸುಳಿಹೋಗುತ್ತದೆ, ಅದೂ 1ಕ್ಕಿಂತ ಕಡಿಮೆಯೇ ತಾನೆ? ಅದನ್ನು ಹಿಡಿಯಲು ಛೇದದಲ್ಲಿ 85 ಇದೆಯೋ 170 ಇದೆಯೋ ಎಂದು ಕಣ್ಣು ಹಾಯಿಸಲೇಬೇಕು.