ಫೋಟೊದ ಚೌಕಳಿಯಲ್ಲಿ ತಿರುಗುವ ತ್ರಿಕೋನ

ಮೊಬೈಲಿನಲ್ಲಿ ತೆಗೆದ ಗ್ರಾಫ್ ಹಾಳೆಯ ಚಿತ್ರ ಸಾಮಾನ್ಯವಾಗಿ ಓರೆಯಾಗಿರುತ್ತದೆ. ಹತ್ತಿರದ ಚೌಕಗಳು ದೊಡ್ಡದಾಗಿ, ದೂರದವು ಚಿಕ್ಕದಾಗಿ ಕಾಣುತ್ತವೆ. ಹಾಗಾಗಿ ಪರದೆಯ ಮೇಲೆ ಸ್ಕೇಲ್ ಇಟ್ಟು ಅಳೆಯಬಾರದು. ಮೂಲಬಿಂದುವಿನಿಂದ ಗೆರೆಗಳನ್ನು ಎಣಿಸಬೇಕು. ಚಿತ್ರ ಎಷ್ಟೇ ವಾಲಿದ್ದರೂ ಗೆರೆಗಳ ಎಣಿಕೆ ಬದಲಾಗುವುದಿಲ್ಲ.

ಹೀಗೆ ಎಣಿಸಿದಾಗ A(1, 1), B(4, 1), C(4, 3) ಎಂಬ ತ್ರಿಕೋನ ಸಿಕ್ಕಿತೆನ್ನಿ. ಸ್ಥಾನಾಂತರ ಸುಲಭ: ಮೂರು ಮನೆ ಎಡಕ್ಕೆ ಸರಿಸಿದರೆ ಪ್ರತಿ x ನಿಂದ 3 ಕಳೆದರಾಯಿತು. y-ಅಕ್ಷದಲ್ಲಿ ಪ್ರತಿಫಲಿಸಿದರೆ x ನ ಚಿಹ್ನೆ ಮಾತ್ರ ಬದಲಾಗಿ (-1, 1), (-4, 1), (-4, 3) ಬರುತ್ತವೆ.

ಮಕ್ಕಳು ಎಡವುವುದು ತಿರುಗಿಸುವಾಗ. ಮೂಲಬಿಂದುವಿನ ಸುತ್ತ ಅಪ್ರದಕ್ಷಿಣವಾಗಿ 90° ತಿರುಗಿಸಿದರೆ (x, y) ಬಿಂದು (-y, x) ಆಗುತ್ತದೆ. ಅಂದರೆ A'(-1, 1), B'(-1, 4), C'(-3, 4). ಸಂಖ್ಯೆಗಳನ್ನು ಅದಲುಬದಲು ಮಾಡಿ ಚಿಹ್ನೆ ಮರೆತರೆ (1, 1), (1, 4), (3, 4) ಬರುತ್ತವೆ. ಅಳತೆಯೆಲ್ಲ ಸರಿಯೆನಿಸುವುದರಿಂದ ಈ ತಪ್ಪು ಕಣ್ಣಿಗೆ ಬೀಳುವುದೇ ಇಲ್ಲ. ಆದರೆ ಅದು ತಿರುಗಿದ ಆಕೃತಿಯಲ್ಲ, y = x ರೇಖೆಯಲ್ಲಿನ ಪ್ರತಿಬಿಂಬ.

ಪತ್ತೆಹಚ್ಚಲು A, B, C ಕ್ರಮದಲ್ಲಿ ಬೆರಳಾಡಿಸಿ. ಮೂಲ ತ್ರಿಕೋನದಲ್ಲಿ ಬೆರಳು ಅಪ್ರದಕ್ಷಿಣವಾಗಿ ಸುತ್ತುತ್ತದೆ. ತಿರುಗಿಸಿದರೂ ಸರಿಸಿದರೂ ಆ ದಿಕ್ಕು ಹಾಗೇ ಉಳಿಯುತ್ತದೆ. ಪ್ರತಿಫಲನದಲ್ಲಿ ಮಾತ್ರ ಪ್ರದಕ್ಷಿಣವಾಗುತ್ತದೆ.